ಬೌಲರ್ ಎಸೆದ ಚೆಂಡಿಗೂ ಒಂದು ಅಲೆಯುಂಟು

1925ರಲ್ಲಿ ನ್ಯೂಯಾರ್ಕಿನ ಬೆಲ್ ಪ್ರಯೋಗಾಲಯದಲ್ಲಿ ಒಂದು ಅವಘಡವಾಯಿತು. ಕ್ಲಿಂಟನ್ ಡೇವಿಸನ್ ಮತ್ತು ಲೆಸ್ಟರ್ ಜರ್ಮರ್ ನಿರ್ವಾತ ಕೊಳವೆಯೊಳಗೆ ನಿಕ್ಕಲ್ ಚೂರಿಗೆ ಎಲೆಕ್ಟ್ರಾನುಗಳನ್ನು ಹೊಡೆದು, ಅವು ಯಾವ ಕಡೆಗೆ ಎಷ್ಟು ಚಿಮ್ಮುತ್ತವೆ ಎಂದು ಅಳೆಯುತ್ತಿದ್ದರು. ದ್ರವಗಾಳಿಯ ಬಾಟಲಿ ಸಿಡಿದು ಕೊಳವೆ ಒಡೆಯಿತು, ಒಳಗೆ ಗಾಳಿ ನುಗ್ಗಿ ಬಿಸಿ ನಿಕ್ಕಲ್ ಕಿಲುಬು ಹಿಡಿಯಿತು. ಕಿಲುಬು ತೆಗೆಯಲು ಅದನ್ನು ಬಹಳ ಹೊತ್ತು ಕಾಯಿಸಿದರು. ಆ ಕಾವಿಗೆ ಲೋಹದೊಳಗಿನ ಪುಟ್ಟ ಪುಟ್ಟ ಹರಳುಗಳು ಒಂದಕ್ಕೊಂದು ಕೂಡಿ ದೊಡ್ಡ ಹರಳುಗಳಾದವು. ಮತ್ತೆ ಅಳೆದಾಗ ಲೆಕ್ಕವೆಲ್ಲ ಬದಲಾಗಿತ್ತು. ಕೊನೆಗೆ 1927ರಲ್ಲಿ, ಒಂದೇ ಹರಳಿನ ನಿಕ್ಕಲ್ ಇಟ್ಟು 54 ವೋಲ್ಟಿನಲ್ಲಿ ಎಲೆಕ್ಟ್ರಾನ್ ಹಾರಿಸಿದಾಗ, 50 ಡಿಗ್ರಿ ಕೋನದಲ್ಲಿ ಅವು ಗುಂಪಾಗಿ ಬಂದು ಬೀಳುವುದು ಕಂಡಿತು.

ಗುಂಡು ಹೊಡೆದರೆ ಹೀಗಾಗುವುದಿಲ್ಲ. ಅಲೆಯಾದರೆ ಆಗುತ್ತದೆ. ಹರಳಿನ ಮೇಲ್ಮೈಯಲ್ಲಿ ಪರಮಾಣುಗಳ ಸಾಲುಗಳು 0.215 ನ್ಯಾನೋಮೀಟರಿಗೊಂದರಂತೆ ಇವೆ. ಒಂದೊಂದು ಸಾಲಿನಿಂದಲೂ ಹೊರಟ ಅಲೆಗಳು ಯಾವ ಕೋನದಲ್ಲಿ ಉಬ್ಬಿಗೆ ಉಬ್ಬು ಸೇರುತ್ತವೋ ಅಲ್ಲಿ ಬಲವಾಗುತ್ತವೆ, ಉಳಿದೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. 50 ಡಿಗ್ರಿಗೆ ಲೆಕ್ಕ ಹಾಕಿದರೆ ಅಲೆಯ ಉದ್ದ 0.165 ನ್ಯಾನೋಮೀಟರ್ ಬರುತ್ತದೆ.

ಈಗ ಇನ್ನೊಂದು ದಾರಿಯಿಂದ ಬರೋಣ. ಫ್ರಾನ್ಸಿನ ಲೂಯಿ ದ ಬ್ರಾಯ್ ತಮ್ಮ 1924ರ ಪಿಎಚ್.ಡಿ. ಪ್ರಬಂಧದಲ್ಲಿ, ಚಲಿಸುವ ಪ್ರತಿ ವಸ್ತುವಿಗೂ ಅಲೆಯಿದೆ, ಅದರ ತರಂಗಾಂತರ λ = h/mv ಎಂದಿದ್ದರು. m ಎಂದರೆ ತೂಕ, v ಎಂದರೆ ವೇಗ, h ಎಂದರೆ ಪ್ಲಾಂಕ್ ಸ್ಥಿರಾಂಕ. 54 ವೋಲ್ಟ್ ತಳ್ಳಿದ ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 4,360 ಕಿಲೋಮೀಟರ್ ಓಡುತ್ತದೆ. ಸೂತ್ರಕ್ಕೆ ಹಾಕಿದರೆ 0.167 ನ್ಯಾನೋಮೀಟರ್. ಹರಳು ಹೇಳಿದ್ದೂ ಹೆಚ್ಚುಕಡಿಮೆ ಅದೇ.

ಇದೇ ಸೂತ್ರವನ್ನು ಕ್ರಿಕೆಟ್ ಚೆಂಡಿಗೂ ಹಾಕಬಹುದು. 160 ಗ್ರಾಂ ಚೆಂಡು, ಗಂಟೆಗೆ 144 ಕಿಲೋಮೀಟರ್ ವೇಗ, ಅಂದರೆ ಸೆಕೆಂಡಿಗೆ 40 ಮೀಟರ್. (ಗ್ರಾಮನ್ನು ಕಿಲೋ ಮಾಡುವುದು ಮರೆತರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ, ನಾನೂ ತಪ್ಪಿದ್ದೇನೆ.) ಬರುವ ಅಲೆಯ ಉದ್ದವನ್ನು ಮೀಟರಿನಲ್ಲಿ ಬರೆಯಬೇಕಾದರೆ ದಶಾಂಶ ಬಿಂದುವಿನ ಮುಂದೆ 33 ಸೊನ್ನೆ ಇಟ್ಟು ಆಮೇಲೆ 1 ಬರೆಯಬೇಕು. ಹಾಗಾದರೆ ನಿಧಾನಕ್ಕೆ ಉರುಳಿಸಿದರೆ? ವರ್ಷಕ್ಕೆ ಒಂದೇ ಮಿಲಿಮೀಟರ್ ಸರಿಯುವ ಚೆಂಡಿನ ಅಲೆಯೂ ಒಂದು ಪ್ರೋಟಾನಿನ ಕೋಟಿಯ ಒಂದು ಪಾಲಿಗಿಂತ ಚಿಕ್ಕದು. ಅಷ್ಟು ಸಣ್ಣ ಸಾಲುಗಳಿರುವ ಹರಳು ಲೋಕದಲ್ಲಿ ಇಲ್ಲ, ಆದ್ದರಿಂದ ಆ ಅಲೆಯನ್ನು ತೋರಿಸುವ ಉಪಾಯವೂ ಇಲ್ಲ.

ಅಲೆ ಎಂದ ಮೇಲೆ ಅದು ಎಲ್ಲಿದೆ ಎನ್ನುವ ಪ್ರಶ್ನೆ ಏಳುತ್ತದೆ. ಒಂದೇ ತರಂಗಾಂತರದ ಅಲೆ ಕೊನೆಯಿಲ್ಲದೆ ಹಬ್ಬಿರುತ್ತದೆ, ಇಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಲಾಗದು. ಅದನ್ನು ಒಂದೆಡೆ ಕೂಡಿಸಬೇಕಾದರೆ ಬೇರೆ ಬೇರೆ ತರಂಗಾಂತರಗಳನ್ನು ಬೆರೆಸಬೇಕು. ಆದರೆ ತರಂಗಾಂತರ ಬೆರೆತರೆ ವೇಗವೂ ಬೆರೆತಂತೆಯೇ. 1927ರಲ್ಲಿ ವರ್ನರ್ ಹೈಸೆನ್‌ಬರ್ಗ್ ಹೇಳಿದ್ದು ಇದನ್ನೇ. ಇಂದಿನ ರೂಪದಲ್ಲಿ ಅದು Δx·Δp ≥ h/4π. Δx ಸ್ಥಾನದ ಅನಿಶ್ಚಿತತೆ, Δp ಸಂವೇಗದ್ದು, ಅಂದರೆ ತೂಕ ಗುಣಿಸು ವೇಗದ್ದು. ಅಳೆಯುವ ಯಂತ್ರ ಒರಟಾಗಿರುವುದರಿಂದ ಹೀಗಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಎಂಥ ಯಂತ್ರ ತಂದರೂ ಈ ಮಿತಿ ಕದಲುವುದಿಲ್ಲ.

ಚೆಂಡಿನ ವೇಗವನ್ನು ಗಂಟೆಗೆ 0.1 ಕಿಲೋಮೀಟರಿನಷ್ಟು ಕರಾರುವಾಕ್ಕಾಗಿ ಅಳೆದೆವು ಎನ್ನಿ. ಸೂತ್ರ ಬಿಟ್ಟುಕೊಡುವ ಸ್ಥಾನದ ಅನಿಶ್ಚಿತತೆ ಪ್ರೋಟಾನಿಗಿಂತಲೂ ಕೋಟಿ ಕೋಟಿ ಪಟ್ಟು ಕಡಿಮೆ. ಎಲ್‌ಬಿಡಬ್ಲ್ಯು ತಪ್ಪಾಗಿ ಕೊಟ್ಟ ಅಂಪೈರ್ ಹೈಸೆನ್‌ಬರ್ಗ್ ಹೆಸರು ಹೇಳಿ ಪಾರಾಗುವಂತಿಲ್ಲ.

ಎಲೆಕ್ಟ್ರಾನಿನದು ಬೇರೆಯೇ ಕಥೆ. ನಿಕ್ಕಲ್ ಕಡೆಗೆ ನೆಟ್ಟಗೆ ಹೊರಟ ಎಲೆಕ್ಟ್ರಾನಿನ ದಿಕ್ಕು ಅರ್ಧ ಡಿಗ್ರಿಯಷ್ಟು ಅತ್ತಿತ್ತ ಇರಬಹುದು ಎಂದುಕೊಳ್ಳಿ. ಆಗ ಅದರ ಅಡ್ಡವೇಗದ ಅನಿಶ್ಚಿತತೆ ಮುಂದೋಟದ ನೂರರಲ್ಲೊಂದು ಪಾಲು. ಸೂತ್ರದ ಪ್ರಕಾರ ಅಡ್ಡಡ್ಡಲಾಗಿ ಅದರ ಸ್ಥಾನ ಕಡಿಮೆಯೆಂದರೂ 1.3 ನ್ಯಾನೋಮೀಟರಿನಷ್ಟು ಅನಿಶ್ಚಿತ, ಅಂದರೆ ಆರು ಪರಮಾಣು ಸಾಲುಗಳ ಅಗಲ. ಯಾವ ಸಾಲಿಗೆ ತಾಗಿತು ಎಂದು ಕೇಳಿದರೆ ಉತ್ತರವಿಲ್ಲ, ಆರಕ್ಕೂ ತಾಗಿತು ಎಂದೇ ಹೇಳಬೇಕು. ಆ 50 ಡಿಗ್ರಿಯ ಗುಂಪು ಹುಟ್ಟಿದ್ದೇ ಹೀಗೆ ಹಲವು ಸಾಲುಗಳಿಗೆ ಒಟ್ಟಿಗೆ ತಾಗಿದ್ದರಿಂದ. ಹಟ ಹಿಡಿದು ಎಲೆಕ್ಟ್ರಾನನ್ನು ಒಂದೇ ಸಾಲಿನ ಅಗಲಕ್ಕೆ, 0.2 ನ್ಯಾನೋಮೀಟರಿಗೆ, ಕಟ್ಟಿಹಾಕಿದರೆ ಅಡ್ಡವೇಗ ಸೆಕೆಂಡಿಗೆ ಸುಮಾರು 290 ಕಿಲೋಮೀಟರಿನಷ್ಟು ಅನಿಶ್ಚಿತವಾಗುತ್ತದೆ, ದಿಕ್ಕು ನಾಲ್ಕು ಡಿಗ್ರಿಯಷ್ಟು ಚದುರುತ್ತದೆ. ಉಬ್ಬಿಗೆ ಉಬ್ಬು ಸೇರಲು ಪಕ್ಕದ ಸಾಲಿನ ಅಲೆಯೂ ಇಲ್ಲವಾಗಿ, 50 ಡಿಗ್ರಿಯ ಆ ಗುಂಪು ಅಳಿಸಿಹೋಗುತ್ತದೆ.