ಮೇಷ್ಟ್ರ ಮೊಬೈಲಿನಲ್ಲಿ ಗದುಗಿನ ಭಾರತ

ನಿವೃತ್ತ ಕನ್ನಡ ಮೇಷ್ಟ್ರಿಗೆ ಗಮಕದ ಹುಚ್ಚು ಹಳೆಯದು. ಸಣ್ಣ ಅಕ್ಷರ ಕಾಣದಾದ ಮೇಲೆ ಅದು ಮೂಲೆ ಸೇರಿತ್ತು. ಮೊಮ್ಮಗಳು ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದ ಆ್ಯಪ್ ಹಾಕಿಕೊಟ್ಟಳು. ಕನ್ನಡದಲ್ಲಿ ‘ಗದುಗಿನ ಭಾರತ’ ಎಂದು ಹುಡುಕಿದರು, ಸಿಗಲಿಲ್ಲ. “ಇಂಗ್ಲಿಷ್ ಅಕ್ಷರದಲ್ಲಿ ಕವಿಯ ಹೆಸರು ಹಾಕಿ ತಾತ” ಎಂದಳು. Kumaravyasa ಎಂದೊತ್ತಿದಾಗ ಹಳೆಯ ಮುದ್ರಣವೊಂದರ ಸ್ಕ್ಯಾನ್ ಪ್ರತಿ ತೆರೆಯಿತು.

ಪುಟ ಹಿಗ್ಗಿಸಿ ಓದತೊಡಗಿದರು. ಒಂದು ಕಡೆ ರಾಗ ಎಡವಿತು. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ. ಮೂರು ಮತ್ತು ಆರಕ್ಕೆ 23. ಮೇಷ್ಟ್ರು ಎಣಿಸಿದರೆ ಎರಡನೆಯ ಸಾಲಿನಲ್ಲಿ 13. ‘ತೀ’ಯ ದೀರ್ಘ ಸ್ಕ್ಯಾನಿನಲ್ಲಿ ಅಳಿಸಿ ‘ತಿ’ ಆಗಿತ್ತು! ಛಂದಸ್ಸೇ ಕರಡು ತಿದ್ದಿತು. ಮುಂದೆ ಪದ್ಯಸಂಖ್ಯೆ 18ರಿಂದ 23ಕ್ಕೆ ಹಾರಿತು. ಅಲ್ಲಿ ಪುಟವೇ ಬಿಟ್ಟುಹೋಗಿತ್ತು. ಅದಕ್ಕೆ ಲೆಕ್ಕಾಚಾರ ಸಾಲದು, ಇನ್ನೊಂದು ಮುದ್ರಣವೇ ಬೇಕು.

ಈಗ ಸಂಜೆ ಜಗಲಿಯಲ್ಲಿ ವಾಚನ ನಡೆಯುತ್ತದೆ. ನೀವೂ ಇಂಥ ಪ್ರತಿ ಇಳಿಸಿಕೊಂಡರೆ, ಹಾಡುವ ಮುನ್ನ ಪದ್ಯಸಂಖ್ಯೆಗಳನ್ನು ಒಮ್ಮೆ ನೋಡಿಕೊಳ್ಳಿ.