ಸಂಬಳ ಏರಿಕೆಯ ಪತ್ರದಲ್ಲಿ ಲೆಕ್ಕವೂ ಇರಲಿ

ಬಟ್ಟೆ ಅಂಗಡಿಯಲ್ಲಿ 12 ವರ್ಷ ದುಡಿದವರಿಗೆ ಸಂಬಳ ಏರಿಸಿದಾಗ ಮಾಲೀಕರು ಲೆಕ್ಕವನ್ನು ಹೀಗೆ ಬಿಡಿಸಿ ಬರೆಯಬಹುದು:

“ನಿಮ್ಮ ಈಗಿನ ಮೂಲ ವೇತನ 20,000 ರೂಪಾಯಿ. ಬೆಲೆ ಏರಿಕೆಗೆಂದು ಎಲ್ಲರಿಗೂ ಶೇ. 6 ಕೊಟ್ಟಿದ್ದೇವೆ, ನಿಮಗೆ ಅದು 1,200. ಖರೀದಿ ಲೆಕ್ಕವನ್ನೂ ನೀವೇ ನೋಡಿಕೊಳ್ಳುತ್ತಿರುವುದಕ್ಕೆ 800. ಏಪ್ರಿಲ್ 1ರಿಂದ ಮೂಲ ವೇತನ 22,000. ಇನ್ನೂ ಹೆಚ್ಚಿಸಲು ಈ ವರ್ಷದ ವ್ಯಾಪಾರ ಸಾಲಲಿಲ್ಲ.”

‘ಮೂಲ ವೇತನ’ ಎಂದು ಸ್ಪಷ್ಟವಾಗಿ ಬರೆಯಲು ಕಾರಣವಿದೆ. ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿಗೆ ಗ್ರಾಚ್ಯುಟಿ ಕಾನೂನು ಅನ್ವಯಿಸುತ್ತದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸುತ್ತಾರೆ. ಹಾಗಾಗಿ ಈ 2,000 ಏರಿಕೆಯಿಂದ 12 ವರ್ಷದ ಗ್ರಾಚ್ಯುಟಿ ಸುಮಾರು 13,846 ರೂಪಾಯಿ ಹೆಚ್ಚುತ್ತದೆ. ಅದನ್ನೇ ಪ್ರಯಾಣ ಭತ್ಯೆಯಾಗಿ ಕೊಟ್ಟರೆ ಸಾಮಾನ್ಯವಾಗಿ ಆ ಲಾಭ ಸಿಗದು.