ಜೈಲು ಅಧೀಕ್ಷಕರಿಗೊಂದು ಪತ್ರ

ದುಂಡಸಿಯ ಒಬ್ಬ ವಿದ್ಯಾರ್ಥಿನಿ ಪಿಯುಸಿ, ಕಾನೂನು ಪದವಿ ಮುಗಿಸಿ ಎಲ್‌ಎಲ್‌.ಎಂ. ಓದುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಪ್ರಬಂಧಕ್ಕಾಗಿ ಅವಳು ಧಾರವಾಡ ಕೇಂದ್ರ ಕಾರಾಗೃಹದ ವಿಚಾರಣಾಧೀನ ಕೈದಿಗಳನ್ನು ಮಾತನಾಡಿಸಬೇಕು. ಅಧೀಕ್ಷಕರಿಗೆ ಏನೆಂದು ಬರೆಯಬೇಕು?

ಮೊದಲು ವಿಷಯ ಚಿಕ್ಕದಾಗಬೇಕು. "ಕೈದಿಗಳ ಜೀವನ" ಎಂದು ಬರೆದರೆ ಯಾರನ್ನು, ಏನು ಕೇಳುತ್ತಾಳೆಂದು ಅಧೀಕ್ಷಕರಿಗೆ ತಿಳಿಯುವುದಿಲ್ಲ. ಅವಳು ಆರಿಸಿಕೊಂಡದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣೆಯ ಹಂತದಲ್ಲೇ ಒಳಗೆ ಕಳೆದಿದ್ದರೆ ಅವರಿಗೆ ಬಿಡುಗಡೆಯ ಅವಕಾಶವಿದೆ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಅಂದರೆ 1 ವರ್ಷ ಕಳೆದರೆ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ, ಹಲವು ಪ್ರಕರಣಗಳು ಬಾಕಿ ಇರುವವರಿಗೆ ಇದು ಅನ್ವಯಿಸದು. ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸಬೇಕಾದವರು ಜೈಲು ಅಧೀಕ್ಷಕರೇ. ಹೀಗಾಗಿ ಪತ್ರ ತಲುಪುವುದು ಈ ಕಲಂ ಯಾರ ಹೊಣೆಯೋ ಅವರ ಮೇಜಿಗೇ.

ಪತ್ರದ ತಿರುಳು ಹೀಗಿರಬಹುದು:

"ಮಾನ್ಯರೇ, 479ನೇ ಕಲಮಿನ ಬಗ್ಗೆ ಕೈದಿಗಳಿಗೆ ಎಷ್ಟು ತಿಳಿದಿದೆ ಎಂಬುದು ನನ್ನ ಅಧ್ಯಯನ. ಒಪ್ಪುವ 15 ಜನರನ್ನು ತಾವು ಸೂಚಿಸಿದ ದಿನ, ಸಿಬ್ಬಂದಿಯ ಕಣ್ಣಳತೆಯಲ್ಲಿ, ತಲಾ 30 ನಿಮಿಷ ಮಾತನಾಡಿಸಲು ಅನುಮತಿ ಕೋರುತ್ತೇನೆ. ಅವರ ಹೆಸರು ಬರೆದುಕೊಳ್ಳುವುದಿಲ್ಲ. ಅವರ ಮೇಲಿನ ಆರೋಪದ ಬಗ್ಗೆ ಕೇಳುವುದಿಲ್ಲ. ಮೊಬೈಲ್, ಕ್ಯಾಮೆರಾ ತರುವುದಿಲ್ಲ. ಪ್ರಶ್ನಾವಳಿ, ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ ಲಗತ್ತಿಸಿದ್ದೇನೆ."

ಇದರಲ್ಲಿ ಎರಡು ಮಾತು ಮುಖ್ಯ. ಒಂದು, "ಒಪ್ಪುವ". 1981ರ ಪ್ರಭಾ ದತ್ ಪ್ರಕರಣದಲ್ಲಿ ಪತ್ರಕರ್ತೆಯೊಬ್ಬರು ತಿಹಾರ್ ಜೈಲಿನ ಕೈದಿಗಳ ಸಂದರ್ಶನ ಕೇಳಿದ್ದರು. ಕೈದಿ ಒಪ್ಪಿದರೆ ಮಾತ್ರ ಸಂದರ್ಶನ ಎಂಬುದನ್ನು ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟಪಡಿಸಿತು. ಅಧೀಕ್ಷಕರ ಅನುಮತಿ ಕೈದಿಯ ಒಪ್ಪಿಗೆಯಾಗುವುದಿಲ್ಲ. ಅದನ್ನು ಎದುರು ಕುಳಿತಾಗ ಮತ್ತೆ ಕೇಳಬೇಕು.

ಎರಡನೆಯದು, ಆರೋಪದ ಬಗ್ಗೆ ಕೇಳದಿರುವುದು. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದೆ. ಕೈದಿ ಮಾತಿನ ಭರದಲ್ಲಿ "ನಾನೇ ಮಾಡಿದೆ" ಅಂದುಬಿಟ್ಟರೆ ಅವಳೇ ಸಾಕ್ಷಿಯಾಗಿ ಕಟಕಟೆ ಹತ್ತಬೇಕಾದೀತು. ವಕೀಲರಿಗೆ ಇರುವ ಗೋಪ್ಯತೆಯ ರಕ್ಷಣೆ ಸಂಶೋಧಕಿಗಿಲ್ಲ. ಆದ್ದರಿಂದ "ನೀವೇನು ಮಾಡಿದಿರಿ?" ಎಂಬುದರ ಬದಲು "ಒಳಗೆ ಬಂದು ಎಷ್ಟು ದಿನವಾಯಿತು? ಈ ಕಲಮಿನ ಬಗ್ಗೆ ಯಾರಾದರೂ ಹೇಳಿದರೆ?" ಎಂದು ಕೇಳಬೇಕು.

ಅಧೀಕ್ಷಕರೊಬ್ಬರ ಸಹಿಯಿಂದ ಕೆಲಸ ಮುಗಿಯದಿರಬಹುದು. ಜೈಲಿನೊಳಗಿನ ಸಂಶೋಧನೆ, ಸಂದರ್ಶನಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯ 2015ರಲ್ಲಿ ರಾಜ್ಯಗಳಿಗೆ ಬಿಗಿ ಸೂಚನೆ ಕಳಿಸಿದೆ. ಪತ್ರ ಬೆಂಗಳೂರಿನ ಕಾರಾಗೃಹ ಇಲಾಖೆಯ ಮುಖ್ಯ ಕಚೇರಿಗೂ ಹೋಗಬೇಕಾದೀತು. ಪ್ರಬಂಧ ಸಲ್ಲಿಸುವ ದಿನದಿಂದ ತಿಂಗಳುಗಳನ್ನು ಹಿಂದಕ್ಕೆ ಎಣಿಸಿ, ಅಷ್ಟು ಮುಂಚೆಯೇ ಬರೆಯಬೇಕು.